ದೇವನಹಳ್ಳಿ ಮೇಲೆ ಆರು ಸುತ್ತು

ಮೇ ತಿಂಗಳ ಒಂದು ಸಂಜೆ. ದೆಹಲಿಯಿಂದ ಬೆಂಗಳೂರಿಗೆ ಎ320 ವಿಮಾನ ತರುತ್ತಿದ್ದೆ. ಇನ್ನೇನು ಇಳೀಬೇಕು ಅನ್ನುವಾಗ ಕಂಟ್ರೋಲ್‌ನವರು ಹೋಲ್ಡ್ ಮಾಡಿ ಅಂದರು. ದೇವನಹಳ್ಳಿ ಮೇಲೆ ಗುಡುಗು ಮಳೆ ಹಿಡಿದಿತ್ತು.

ಹೋಲ್ಡ್ ಅಂದ್ರೆ ಗೊತ್ತುಮಾಡಿದ ಒಂದು ಜಾಗದಲ್ಲಿ ಉದ್ದನೆಯ ಸುತ್ತು ಹೊಡೆಯೋದು. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ವಾಪಸ್ ಬರುವಾಗಲೂ ಹಾಗೇ. ಒಂದು ಸುತ್ತಿಗೆ 4 ನಿಮಿಷ. ನಮ್ಮ ಕೆಳಗೆ 1000 ಅಡಿಗೆ ಒಂದರಂತೆ ಬೇರೆ ವಿಮಾನಗಳು. ಕೆಳಗಿನದು ಹೊರಟರೆ ನಾವು ಒಂದು ಮೆಟ್ಟಿಲು ಇಳಿಯುತ್ತೇವೆ.

ಸುತ್ತೋ ಕೆಲಸ ಆಟೋಪೈಲಟ್‌ನದು. ನಮ್ಮ ಕೆಲಸ ಇಂಧನದ ಲೆಕ್ಕ. ಆಗ ಟ್ಯಾಂಕಿನಲ್ಲಿ 5000 ಕಿಲೋ ಇತ್ತು. ಇಲ್ಲಿ ಇಳಿಯೋಕೆ ಆಗದೇ ಹೋದರೆ ಚೆನ್ನೈಗೆ ಹೋಗೋಕೆ, ಅಲ್ಲಿ ಮುಟ್ಟಬಾರದ 30 ನಿಮಿಷದ ಮೀಸಲು ಉಳಿಯೋಕೆ ಒಟ್ಟು 3000 ಬೇಕು. ಉಳಿದ 2000ದಲ್ಲಿ, ಇಳಿಯೋಕೆ ಹೋಗಿ ಆಗದೆ ಇನ್ನೊಂದು ಸಲ ಬರಬೇಕಾದರೆ ಅಂತ 1000 ತೆಗೆದಿಟ್ಟೆವು. ನಿಮಿಷಕ್ಕೆ ಸುಮಾರು 40 ಕಿಲೋ ಉರಿಯುತ್ತೆ. ಅಂದ್ರೆ ಕಾಯೋಕೆ ಇದ್ದದ್ದು 25 ನಿಮಿಷ. ಮಳೆ ಸ್ವಲ್ಪ ಬಿಟ್ಟಾಗ ಮುಂದೆ ಎಂಟು ವಿಮಾನ, ಮೂರು ನಿಮಿಷಕ್ಕೊಂದು ಇಳಿದರೆ ನಮ್ಮ ಸರದಿಗೆ 24 ನಿಮಿಷ. ಅಷ್ಟೇ ಸಾಕಿತ್ತು, ಆರು ಸುತ್ತು ಮುಗಿಸಿ ಹೊರಟೆವು.

ಆದರೆ ಮಳೆಮೋಡದಿಂದ ಬೀಳೋ ಗಾಳಿ ಯಾವ ಕಡೆಗಾದರೂ ತಿರುಗುತ್ತೆ. ಎದುರು ಗಾಳಿ ಇದ್ದದ್ದು ಹಿಂದಿನಿಂದ ತಳ್ಳೋಕೆ ಶುರುವಾಯಿತು. ರನ್‌ವೇಗಿಂತ 1000 ಅಡಿ ಮೇಲೆ ಇರುವಾಗ ವೇಗ, ಇಳಿಯೋ ದರ, ರೆಕ್ಕೆಯ ಫ್ಲಾಪ್, ಚಕ್ರ ಎಲ್ಲಾ ಸರಿಯಾಗಿರಲೇಬೇಕು ಅನ್ನೋದು ನಮ್ಮ ನಿಯಮ. ವೇಗ ಇರಬೇಕಾದದ್ದಕ್ಕಿಂತ 20 ನಾಟ್ ಜಾಸ್ತಿ ಇತ್ತು. ಒದ್ದೆ ರನ್‌ವೇ, ಬೆನ್ನಿಗೆ ಗಾಳಿ, ಮೇಲೆ ಇಷ್ಟು ವೇಗ, ಇದರಲ್ಲಿ ಇಳಿದರೆ ನಿಲ್ಲಿಸೋಕೆ ರನ್‌ವೇ ಸಾಲದೆ ಹೋಗಬಹುದು. ಕೋ ಪೈಲಟ್ "ಗೋ ಅರೌಂಡ್" ಅಂದರು, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲೇರೋದು. ಥ್ರಸ್ಟ್ ಲಿವರ್‌ಗಳನ್ನು ಪೂರ್ತಿ ಮುಂದಕ್ಕೆ ತಳ್ಳಿದೆ, ಮೂಗು ಮೇಲೆದ್ದಿತು, ಫ್ಲಾಪ್ ಒಂದು ಹಂತ ಒಳಗೆ, ಏರುತ್ತಿರೋದು ಖಾತ್ರಿಯಾದ ಮೇಲೆ ಚಕ್ರ ಒಳಗೆ. ಹಿಂದೆ ಕೂತವರಿಗೆ ಆಗ ಸೀಟಿಗೆ ಒತ್ತಿದಂತಾಗುತ್ತೆ, ಕಾಲಡಿ ಧಡ್ ಅಂತ ಶಬ್ದ ಬರುತ್ತೆ. ಅದು ಚಕ್ರ ಮಡಚೋ ಶಬ್ದ.

ಆ ಹೊತ್ತಿಗೆ ನಾವು ಮೈಕ್ ಮುಟ್ಟೋದಿಲ್ಲ. ಮೊದಲು ವಿಮಾನ ಹಾರಿಸಬೇಕು, ಆಮೇಲೆ ದಾರಿ, ಆಮೇಲೆ ಕಂಟ್ರೋಲ್, ಕೊನೆಗೆ ಪ್ರಯಾಣಿಕರು. ಸುಮಾರು ನಾಲ್ಕು ನಿಮಿಷ ಆದ ಮೇಲೆ ನಾನು ಮಾತಾಡಿದೆ. ಇನ್ನು 15 ನಿಮಿಷ ಅಂದೆ. ನಾವು ಸರದಿಗೆ ಮತ್ತೆ ಸೇರಿದ್ದರಿಂದ ಹಿಂದಿನವರ ಸಮಯವೂ ಸ್ವಲ್ಪ ಜಾರಿತು. ಎರಡನೇ ಸಲ ಆಗದಿದ್ದರೆ ಚೆನ್ನೈ ಅಂತ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡೆವು, ಮೂರನೇ ಸಲಕ್ಕೆ ಆಸೆ ಹುಟ್ಟಬಾರದು ಅಂತ. ರನ್‌ವೇ ಬದಲಾಗಿತ್ತು, ಗಾಳಿ ಎದುರಿಗೆ ಸಿಕ್ಕಿತು, ಇಳಿದೆವು. 3100 ಕಿಲೋ ಉಳಿದಿತ್ತು.

ಕೆಳಗೆ ಇನ್ನೂ 15 ನಿಮಿಷ ಕೂತೆವು. ಹೊರಡಬೇಕಿದ್ದ ವಿಮಾನಗಳು ಮಳೆಗೆ ನಿಂತಿದ್ದರಿಂದ ನಾವು ನಿಲ್ಲಿಸಬೇಕಾದ ಬೇ ಖಾಲಿ ಇರಲಿಲ್ಲ. ಬಾಗಿಲ ಹತ್ತಿರ ವಯಸ್ಸಾದವರೊಬ್ಬರು, "ಮೊದಲೇ ಹೇಳಬಾರದಿತ್ತೇನಪ್ಪಾ, ಮೊಮ್ಮಗಳು ಹೆದರಿಬಿಟ್ಟಳು" ಅಂದರು. ಆ ಮಗುವಿನ ಪಕ್ಕ ಕೂತು ಚಕ್ರದ ಶಬ್ದದ ವಿಷಯ ಹೇಳಿದೆ.