ಫೋಟೊ ಅಪ್‌ಲೋಡ್ ಆಗುತ್ತಿಲ್ಲವೇ? ಫೈಲ್ ತೀರಾ ಚಿಕ್ಕದಾಗಿರಬಹುದು

ಬ್ಯಾಂಕ್ ನೇಮಕಾತಿಯಂಥ ಆನ್‌ಲೈನ್ ಅರ್ಜಿಗಳಲ್ಲಿ ಹೆಸರು, ವಿಳಾಸ, ಅಂಕಗಳನ್ನೆಲ್ಲ ತುಂಬಿದವರು ಕೊನೆಗೆ ಸಿಕ್ಕಿಬೀಳುವುದು ಫೋಟೊ ಮತ್ತು ಸಹಿಯ ಪುಟದಲ್ಲಿ. ಫೈಲಿನ ಗಾತ್ರ ಅಥವಾ ಫಾರ್ಮ್ಯಾಟ್ ಸರಿಯಿಲ್ಲ ಎಂದು ಕೆಂಪು ಅಕ್ಷರದ ಒಂದು ಸಾಲು ಬರುತ್ತದೆ. ಎರಡರಲ್ಲಿ ಯಾವುದು ತಪ್ಪು, ಎಷ್ಟು ತಪ್ಪು ಎಂಬುದು ಅದರಲ್ಲಿ ಇರುವುದಿಲ್ಲ. ಫೈಲ್ ದೊಡ್ಡದಾಯಿತೇನೋ ಎಂದು ಹೆಚ್ಚಿನವರು ಅದನ್ನು ಮತ್ತಷ್ಟು ಕುಗ್ಗಿಸುತ್ತಾರೆ. ಎಷ್ಟೋ ಸಲ ಆಗಬೇಕಾದದ್ದು ಅದರ ತದ್ವಿರುದ್ಧ.

ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳ ಕೊನೆಯಲ್ಲಿರುವ ಸೂಚನೆಗಳನ್ನೇ ನೋಡಿ. ಫೋಟೊ 200 x 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 x 60 ಪಿಕ್ಸೆಲ್, 10ರಿಂದ 20 ಕೆಬಿ. ಎರಡೂ ಜೆಪೆಗ್. ಗರಿಷ್ಠ ಮಿತಿಯಷ್ಟೇ ಅಲ್ಲ, ಕನಿಷ್ಠ ಮಿತಿಯೂ ಇದೆ. ಕಣ್ಣು 50ರ ಮೇಲೆಯೇ ನಿಂತುಬಿಟ್ಟರೆ 20 ಕಾಣುವುದಿಲ್ಲ. ಬೇರೆ ಸಂಸ್ಥೆಗಳ ಅಳತೆ ಬೇರೆ ಇರುತ್ತದೆ. ನಿಮ್ಮ ಅಧಿಸೂಚನೆಯಲ್ಲಿರುವ ಅಂಕಿಗಳನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮೊದಲು ಫೈಲ್ ಏನೆಂದು ನೋಡಿ

ಹೆಸರಿನ ಕೊನೆಯಲ್ಲಿ .jpg ಇದ್ದ ಮಾತ್ರಕ್ಕೆ ಫೈಲ್ ಜೆಪೆಗ್ ಆಗಿರಬೇಕೆಂದಿಲ್ಲ. ಐಫೋನ್ ಕ್ಯಾಮೆರಾ ಸಾಮಾನ್ಯವಾಗಿ .heic ಫೈಲ್ ಮಾಡುತ್ತದೆ. ಸ್ಕ್ರೀನ್‌ಶಾಟ್ ತೆಗೆದರೆ ಬಹುತೇಕ .png ಸಿಗುತ್ತದೆ. ಇವುಗಳ ಹೆಸರನ್ನು .jpg ಎಂದು ತಿದ್ದಿದರೆ ಚೀಟಿ ಬದಲಾಗುತ್ತದೆಯೇ ಹೊರತು ಒಳಗಿನದು ಹಾಗೇ ಇರುತ್ತದೆ. ಒಳಗನ್ನು ಓದುವ ಜಾಲತಾಣ ಅದನ್ನು ಹಿಡಿದು ವಾಪಸು ಕಳಿಸುತ್ತದೆ.

ಒಳಗೆ ಇಣುಕಲು ಸುಲಭದ ದಾರಿಯಿದೆ. ವಿಂಡೋಸ್‌ನಲ್ಲಿ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಅದರ ಮೊದಲ ಸಾಲಿನ ಆರಂಭ ಮಾತ್ರ ನೋಡಿ. ಅಲ್ಲಿ PNG ಎಂದಿದ್ದರೆ ಅದು ಪಿಎನ್‌ಜಿ. RIFF ಮತ್ತು ಸ್ವಲ್ಪ ಮುಂದೆ WEBP ಎಂದಿದ್ದರೆ ಅಂತರ್ಜಾಲದಿಂದ ಇಳಿಸಿಕೊಂಡ ವೆಬ್‌ಪಿ. ftypheic ಎಂದಿದ್ದರೆ ಐಫೋನಿನ ಫೋಟೊ. ಜೆಪೆಗ್ ಆಗಿದ್ದರೆ ಶುರುವಿನಲ್ಲೇ JFIF ಅಥವಾ Exif ಕಾಣುವುದು ವಾಡಿಕೆ. ನೋಡಿದ ಮೇಲೆ ಏನನ್ನೂ ಸೇವ್ ಮಾಡದೆ ಮುಚ್ಚಿ, ಇಲ್ಲದಿದ್ದರೆ ಚಿತ್ರ ಕೆಡುತ್ತದೆ.

ಪಿಎನ್‌ಜಿ ಆಗಿದ್ದರೆ ಪೇಂಟ್‌ನಲ್ಲಿ ತೆರೆದು Save as ಒತ್ತಿ JPEG ಆರಿಸಿ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನ Camera, ಅದರೊಳಗಿನ Formats, ಅಲ್ಲಿ Most Compatible ಆರಿಸಿ ಇನ್ನೊಮ್ಮೆ ಫೋಟೊ ತೆಗೆಯುವುದೇ ಒಳ್ಳೆಯದು.

ಗಾತ್ರವನ್ನು ಸರಿಯಾದ ಸಾಲಿನಲ್ಲಿ ಓದಿ

ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ Properties ತೆರೆದರೆ Size ಮತ್ತು Size on disk ಎಂದು ಎರಡು ಸಾಲುಗಳಿರುತ್ತವೆ. ಎರಡನೆಯದು ಡಿಸ್ಕಿನಲ್ಲಿ ಹಿಡಿದಿಟ್ಟ ಜಾಗ. ಸಾಮಾನ್ಯವಾಗಿ ಅದು 4 ಕೆಬಿಯ ತುಂಡುಗಳ ಲೆಕ್ಕ. ಹಾಗಾಗಿ 18.2 ಕೆಬಿಯ ಫೈಲ್ ಅಲ್ಲಿ 20 ಕೆಬಿ ಎಂದು ಕಾಣುತ್ತದೆ. ಅದನ್ನು ನಂಬಿ ಅಪ್‌ಲೋಡ್ ಮಾಡಿದರೆ 20ಕ್ಕಿಂತ ಕಡಿಮೆ ಎಂದು ತಿರಸ್ಕಾರವಾಗುತ್ತದೆ. ಫೋಲ್ಡರಿನ ಪಟ್ಟಿಯಲ್ಲಿ ತೋರುವ ಅಂಕಿಯೂ ಮೇಲಕ್ಕೆ ಸರಿಹೊಂದಿಸಿದ್ದು: 19.3 ಇದ್ದರೂ 20 ಎನ್ನುತ್ತದೆ. ನಿಮಗೆ ಬೇಕಾದದ್ದು Size ಸಾಲು ಮಾತ್ರ.

ಗಡಿಯ ಮೇಲೆಯೂ ನಿಲ್ಲಬೇಡಿ. ಕೆಲವು ಕಡೆ ಒಂದು ಕೆಬಿ ಎಂದರೆ 1,024 ಬೈಟ್, ಕೆಲವು ಕಡೆ 1,000. 50 ಕೆಬಿ ಮಿತಿ ಇದ್ದಾಗ 49.8 ಕೆಬಿ ಫೈಲ್ ಒಂದು ಲೆಕ್ಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಫೋಟೊಗೆ 25ರಿಂದ 45 ಕೆಬಿ ನಡುವೆ ಗುರಿ ಇಟ್ಟುಕೊಂಡರೆ ಈ ತಕರಾರು ಬರುವುದಿಲ್ಲ.

ಫೋಟೊ ಸಿದ್ಧಪಡಿಸುವುದು

ಮೊಬೈಲಿನಲ್ಲಿ ತೆಗೆದ ಫೋಟೊ 3000 x 4000 ಪಿಕ್ಸೆಲ್, ಮೂರು ಎಂಬಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ನೇರವಾಗಿ 200 x 230ಕ್ಕೆ ಇಳಿಸಿದರೆ ಮುಖ ಅಗಲಕ್ಕೆ ಹಿಗ್ಗಿದಂತಾಗುತ್ತದೆ, ಏಕೆಂದರೆ ಎರಡರ ಉದ್ದ-ಅಗಲದ ಅನುಪಾತ ಬೇರೆ. ಅದಕ್ಕೇ ಮೊದಲು ಕತ್ತರಿಸಿ, ಆಮೇಲೆ ಕುಗ್ಗಿಸಿ.

1. ಮೂಲ ಫೋಟೊದ ಪ್ರತಿ ಮಾಡಿಟ್ಟುಕೊಂಡು ಪ್ರತಿಯನ್ನು ಪೇಂಟ್‌ನಲ್ಲಿ ತೆರೆಯಿರಿ.
2. Select ಒತ್ತಿ ಮುಖ ಮತ್ತು ಭುಜದ ಸುತ್ತ ಚೌಕ ಎಳೆಯಿರಿ. ಎಳೆಯುವಾಗ ಕೆಳಗಿನ ಪಟ್ಟಿಯಲ್ಲಿ ಅಳತೆ ಓಡುತ್ತಿರುತ್ತದೆ. 2000 x 2300 ಹತ್ತಿರ ಬಂದಾಗ ಬಿಟ್ಟು Crop ಒತ್ತಿ.
3. Resize ತೆರೆದು Pixels ಆರಿಸಿ, ಅನುಪಾತ ಕಾಯುವ ಗುರುತು ತೆಗೆದು 200 ಮತ್ತು 230 ತುಂಬಿ. ಈಗ ಅದು ಸರಿಯಾಗಿ ಹತ್ತನೇ ಒಂದು ಭಾಗಕ್ಕೆ ಇಳಿಯುವುದರಿಂದ ಮುಖ ಕೆಡುವುದಿಲ್ಲ.
4. ಜೆಪೆಗ್ ಆಗಿ ಸೇವ್ ಮಾಡಿ Size ನೋಡಿ.

ಇಲ್ಲೇ ಹೆಚ್ಚಿನವರು ಎಡವುವುದು. 200 x 230 ಎಂದರೆ ಬರೀ 46,000 ಪಿಕ್ಸೆಲ್. ಹಿನ್ನೆಲೆ ತಿಳಿಯಾಗಿದ್ದರೆ ಫೈಲ್ ಹತ್ತು-ಹನ್ನೆರಡು ಕೆಬಿಗೆ ಇಳಿದುಬಿಡುತ್ತದೆ. ಐಬಿಪಿಎಸ್ ಈ ಪಿಕ್ಸೆಲ್ ಅಳತೆಯನ್ನು ಆದ್ಯತೆಯದು ಎಂದಷ್ಟೇ ಹೇಳುತ್ತದೆ. ಹಾಗಾಗಿ ಅನುಪಾತ ಉಳಿಸಿಕೊಂಡು 300 x 345 ಅಥವಾ 400 x 460 ಮಾಡಬಹುದು. ಎರಡು ಬದಿ ದುಪ್ಪಟ್ಟಾದರೆ ಪಿಕ್ಸೆಲ್ ನಾಲ್ಕು ಪಟ್ಟು. ಫೈಲಿನ ತೂಕವೂ ಸುಮಾರು ಮೂರು ಪಟ್ಟಿನ ಹತ್ತಿರ ಏರುತ್ತದೆ. ಕುಗ್ಗಿಸಿದ ಫೋಟೊವನ್ನೇ ಮತ್ತೆ ಹಿಗ್ಗಿಸಬೇಡಿ, ಮಸುಕಾಗುತ್ತದೆ. ಪ್ರತಿ ಸಲವೂ ಕತ್ತರಿಸಿದ ದೊಡ್ಡ ಪ್ರತಿಯಿಂದ ಶುರುಮಾಡಿ.

ನಿಮ್ಮ ಅರ್ಜಿಯಲ್ಲಿ ಪಿಕ್ಸೆಲ್ ಅಳತೆ ಕಡ್ಡಾಯವಾಗಿದ್ದರೆ ಗುಣಮಟ್ಟದ ಅಂಕಿಯನ್ನು ಏರಿಸಬೇಕು. ಪೇಂಟ್‌ನಲ್ಲಿ ಆ ಹಿಡಿತ ಇಲ್ಲ. ಉಚಿತವಾಗಿ ಸಿಗುವ ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ Export As ಮಾಡುವಾಗ Quality ಎಂಬ ಅಳತೆಪಟ್ಟಿ ಬರುತ್ತದೆ. 90ರಿಂದ 100ರ ಕಡೆಗೆ ಸರಿಸುತ್ತ ಹೋದರೆ ಅದೇ ಪಿಕ್ಸೆಲ್‌ಗೆ ಕೆಬಿ ಏರುತ್ತದೆ.

ಸಹಿ: ಇನ್ನೂ ಬಿಗಿ

ಸಹಿಯಲ್ಲಿ ಬಿಳಿ ಕಾಗದವೇ ಹೆಚ್ಚು, ಗೆರೆ ಕಡಿಮೆ. ಜೆಪೆಗ್ ಅಂಥ ಖಾಲಿ ಜಾಗವನ್ನು ಬಹಳ ಹಿಂಡುತ್ತದೆ. 140 x 60ಕ್ಕೆ ಇಳಿಸಿದ ಸಹಿ ಎರಡು-ಮೂರು ಕೆಬಿಯಷ್ಟೇ ಆಗಿ 10ರ ಕೆಳಗೆ ಉಳಿಯುತ್ತದೆ.

ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ 7 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಚೌಕ ಎಳೆದು ಒಳಗೆ ಕಪ್ಪು ಶಾಯಿಯಲ್ಲಿ ಸಹಿ ಮಾಡಿ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದ ಸಹಿಯನ್ನು ಐಬಿಪಿಎಸ್ ಒಪ್ಪುವುದಿಲ್ಲ. ಕಿಟಕಿಯ ಬೆಳಕಿನಲ್ಲಿ, ಕೈಯ ನೆರಳು ಬೀಳದಂತೆ ನೇರ ಮೇಲಿಂದ ಫೋಟೊ ತೆಗೆಯಿರಿ. ಪೆನ್ಸಿಲ್ ಗೆರೆಯ ಒಳಗೇ ಕತ್ತರಿಸಿ ಮೊದಲು 280 x 120ಕ್ಕೆ ಇಳಿಸಿ ನೋಡಿ. 10 ಕೆಬಿ ದಾಟದಿದ್ದರೆ 420 x 180 ಮಾಡಿ. ಕಾಗದದ ಒರಟಿಗೆ ತಕ್ಕಂತೆ ಅಂಕಿ ಬದಲಾಗುವುದರಿಂದ ಇಲ್ಲಿ ಒಂದೆರಡು ಸಲ ಹಿಂದೆ ಮುಂದೆ ಆಗಬೇಕಾಗುತ್ತದೆ.

ಹೆಬ್ಬೆಟ್ಟಿನ ಗುರುತಿಗೆ 240 x 240 ಪಿಕ್ಸೆಲ್, 200 ಡಿಪಿಐ ಎಂದಿರುತ್ತದೆ. ಡಿಪಿಐ ನೋಡಿ ಗಾಬರಿ ಬೇಡ. ಒಂದು ಇಂಚಿಗೆ 200 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 3 ಸೆಂ.ಮೀ. ಚೌಕ ಸುಮಾರು 240 ಪಿಕ್ಸೆಲ್ ಆಗುತ್ತದೆ, ಅಷ್ಟೇ. ಮೊಬೈಲಿನಲ್ಲಿ ತೆಗೆದವರು ಪಿಕ್ಸೆಲ್ ಮತ್ತು ಕೆಬಿ ಸರಿಮಾಡಿಕೊಂಡರೆ ಸಾಕು.

ಸಹಿ, ಹೆಬ್ಬೆಟ್ಟುಗಳನ್ನು ಕುಗ್ಗಿಸಲು ಗುರುತು ಪರಿಚಯವಿಲ್ಲದ ಜಾಲತಾಣಕ್ಕೆ ಹಾಕಬೇಡಿ. ಈ ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ.

ಎಲ್ಲ ಸರಿಯಿದ್ದೂ ಹೋಗದಿದ್ದರೆ

ಫೈಲಿನ ಹೆಸರು ನೋಡಿ. ಕನ್ನಡ ಅಕ್ಷರ, ಖಾಲಿ ಜಾಗ, ಆವರಣ ಚಿಹ್ನೆ ಇದ್ದರೆ ಕೆಲವು ಜಾಲತಾಣ ಒಪ್ಪುವುದಿಲ್ಲ. photo.jpg, sign.jpg ಎಂದು ಚಿಕ್ಕದಾಗಿ ಇಡಿ. ವಿಂಡೋಸ್ ಬಾಲದ ಅಕ್ಷರಗಳನ್ನು ಮರೆಮಾಡಿದ್ದರೆ ಗೊತ್ತಿಲ್ಲದೆ photo.jpg.jpg ಆಗಿರಬಹುದು, ಫೋಲ್ಡರಿನ View ಪಟ್ಟಿಯಲ್ಲಿ File name extensions ಆನ್ ಮಾಡಿದರೆ ತಿಳಿಯುತ್ತದೆ.

ಅಪ್‌ಲೋಡ್ ಆದ ಮೇಲೆ ಪ್ರಿವ್ಯೂ ತೆರೆದು ನೋಡಿ. ಫೋಟೊದ ಜಾಗದಲ್ಲಿ ಸಹಿ ಬಿದ್ದಿದ್ದರೂ ಕೆಬಿ ಹೊಂದಿದರೆ ಯಂತ್ರ ತಡೆಯುವುದಿಲ್ಲ. ಫೋಟೊ ಅಡ್ಡ ಮಲಗಿದ್ದರೆ ಪೇಂಟ್‌ನಲ್ಲಿ Rotate ಮಾಡಿ, ಮತ್ತೆ ಸೇವ್ ಮಾಡಿ, Size ಇನ್ನೊಮ್ಮೆ ನೋಡಿಕೊಂಡು ಹಾಕಿ. ಅಂತಿಮ ಸಲ್ಲಿಕೆಯ ಬಟನ್ ಒತ್ತುವುದು ಅದಾದ ಮೇಲೆ.