ಇನ್ನೂರು ಲೀಟರ್ ಡ್ರಮ್ ಕಂಟೇನರ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತೆ?

ಕೋಲಾರದಲ್ಲಿ ಕೂತು ಎಕ್ಸ್‌ಪೋರ್ಟ್ ಬುಕಿಂಗ್ ಮಾಡೋ ನನಗೆ ಮಾವಿನ ಸೀಸನ್‌ನಲ್ಲಿ ಬರೋ ಫೋನ್ ಹೆಚ್ಚುಕಡಿಮೆ ಒಂದೇ ಥರ. "ಅಣ್ಣಾ, ಪಲ್ಪ್ ಹತ್ತು ಡ್ರಮ್ ಇದೆ, ಇನ್ನೂರು ಲೀಟರ್‌ದು. ಎರಡು ಸಿಬಿಎಂ ಅಲ್ವಾ? ರೇಟ್ ಹೇಳಿ." ಸಿಬಿಎಂ ಅಂದ್ರೆ ಘನ ಮೀಟರ್, ಲೆಕ್ಕವೇನೋ ಸರಿ. 1000 ಲೀಟರ್ ಅಂದ್ರೆ 1 ಘನ ಮೀಟರ್, 2000 ಲೀಟರ್ ಅಂದ್ರೆ 2. ಆದರೆ ಅದು ಒಳಗಿರೋ ಪಲ್ಪಿನ ಲೆಕ್ಕ. ಹಡಗಿನವರು ದುಡ್ಡು ತಗೊಳ್ಳೋದು ಡ್ರಮ್ ಹಿಡಿಯೋ ಜಾಗಕ್ಕೆ.

ಹಾಗಾಗಿ ನಾನು ಲೀಟರ್ ಕೇಳೋದೇ ಇಲ್ಲ, ಟೇಪ್ ಹಿಡಿದು ಡ್ರಮ್ಮಿನ ಹೊರಗಿನ ಅಳತೆ ಕಳಿಸಿ ಅಂತೀನಿ. ಆ ಡ್ರಮ್ಮಿನ ಅಗಲ 58.5 ಸೆಂಟಿಮೀಟರ್, ಎತ್ತರ 88. ದುಂಡಗಿದ್ದರೂ ಚೌಕ ಅಂತಲೇ ಲೆಕ್ಕ ಹಾಕಬೇಕು, ಮೂಲೆಯಲ್ಲಿ ಉಳಿಯೋ ಸಂದಿ ಇನ್ಯಾರಿಗೂ ಉಪಯೋಗಕ್ಕೆ ಬರಲ್ಲ.

```
0.585 × 0.585 × 0.88 = 0.301
0.301 × 10 = 3.01
```

ಎರಡು ಅಂದದ್ದು ಇಲ್ಲೇ ಮೂರಾಯಿತು. ಇನ್ನು ಪ್ಯಾಲೆಟ್ ಮೇಲೆ ಕಟ್ಟಿ ಕಳಿಸಿದರೆ ಕಥೆನೇ ಬೇರೆ. 1.2 ಮೀಟರ್ ಚೌಕದ ಪ್ಯಾಲೆಟ್ ಮೇಲೆ ನಾಲ್ಕು ಡ್ರಮ್ ಕೂರುತ್ತವೆ, ಪ್ಯಾಲೆಟ್ ಸೇರಿ ಎತ್ತರ 1.02 ಮೀಟರ್. ಒಂದು ಪ್ಯಾಲೆಟ್ಟಿಗೆ 1.47 ಘನ ಮೀಟರ್. ಹತ್ತು ಡ್ರಮ್ಮಿಗೆ ಮೂರು ಪ್ಯಾಲೆಟ್ ಬೇಕು, ಕೊನೆಯದರಲ್ಲಿ ಅರ್ಧ ಖಾಲಿ ಇದ್ದರೂ ಜಾಗ ಪೂರ್ತಿ ಹೋಗುತ್ತೆ. ಒಟ್ಟು 4.41.

ಬೇರೆಯವರ ಸರಕಿನ ಜೊತೆ ಹಂಚಿಕೊಂಡು ಹೋಗೋ ಎಲ್‌ಸಿಎಲ್‌ನಲ್ಲಿ ಟನ್ನು, ಘನ ಮೀಟರು ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ರೇಟು. ತೂಕ ಡ್ರಮ್, ಪ್ಯಾಲೆಟ್ ಎಲ್ಲ ಸೇರಿ 2.4 ಟನ್ ಹತ್ತಿರ, ಅಂದ್ರೆ ಇಲ್ಲಿ ಜಾಗದ ಲೆಕ್ಕಕ್ಕೇ ರೇಟು. ಎರಡು ಘನ ಮೀಟರಿಗೆ ರೇಟ್ ಕೊಟ್ಟಿದ್ದರೆ ಬಿಲ್ ಬಂದಾಗ ಜಗಳ ಗ್ಯಾರಂಟಿ.

ಗೋಡೌನ್‌ನವರು, ಮರದ ಪೆಟ್ಟಿಗೆ ಮಾಡೋರು ಸಿಎಫ್‌ಟಿಯಲ್ಲೇ, ಅಂದ್ರೆ ಘನ ಅಡಿಯಲ್ಲೇ ಮಾತಾಡ್ತಾರೆ. 3.01 ಘನ ಮೀಟರ್ ಅಂದ್ರೆ 106 ಘನ ಅಡಿ. ಇದನ್ನ ವಾಪಸ್ ಮೀಟರಿಗೆ ತರುವಾಗ ಕೆಲವರು 3.28ರಿಂದ ಭಾಗಿಸ್ತಾರೆ. ಅದು ಬರೀ ಉದ್ದಕ್ಕೆ. ಉದ್ದ, ಅಗಲ, ಎತ್ತರ ಮೂರಕ್ಕೂ ಹಾಕಬೇಕಲ್ಲ, ಅದಕ್ಕೇ ಭಾಗಿಸಬೇಕಾದ್ದು 35.3147ರಿಂದ. 3.28 ಹಾಕಿದರೆ 106 ಘನ ಅಡಿ 32 ಘನ ಮೀಟರ್ ಆಗುತ್ತೆ. ಇಪ್ಪತ್ತಡಿ ಕಂಟೇನರ್‌ನ ಒಳಗೆ ಇರೋದೇ ಸುಮಾರು 33! ಹತ್ತು ಡ್ರಮ್ಮಿಗೆ ಪೂರ್ತಿ ಕಂಟೇನರ್ರಾ? ಉತ್ತರ ಹೀಗೆ ಎಡವಟ್ಟಾಗಿ ಬಂದರೆ ಮೊದಲು ಭಾಗಿಸಿದ ಸಂಖ್ಯೆ ನೋಡಿ.

ಲೀಟರಿಂದ ನೇರ ಅಡಿಗೆ ಹೋಗಬೇಕಾದರೆ 28.317ರಿಂದ ಭಾಗಿಸಿ. ಘನ ಮೀಟರ್ ಲೆಕ್ಕದಲ್ಲಿ 35.3147 ಬದಲು ಬರೀ 35 ಹಾಕಿದರೆ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬರುತ್ತೆ. ಫೋನಲ್ಲಿ ಬಾಯಿಲೆಕ್ಕಕ್ಕೆ ಪರವಾಗಿಲ್ಲ, ಕೊಟೇಶನ್‌ಗೆ ಬೇಡ.

ಕೊಟೇಶನ್‌ನಲ್ಲಿ ಈಗ ನಾನು ಬರೆಯೋ ಸಾಲು ಇಷ್ಟೇ: "3 ಪ್ಯಾಲೆಟ್, ತಲಾ 1.2 × 1.2 × 1.02 ಮೀಟರ್, ಒಟ್ಟು 4.41 ಘನ ಮೀಟರ್, ಹೊರ ಅಳತೆ." ಲೀಟರ್ ಕಾಲಂ ಇಡೋದೇ ಇಲ್ಲ.