ಇಟ್ಟಿಗೆ ಸಾಲಿನಲ್ಲಿ ಕಾಣದ ಕಂದಕ

ಷೇರು ಬೆಲೆಯ ಸಾಮಾನ್ಯ ಕ್ಯಾಂಡಲ್ ಚಾರ್ಟ್ ನೋಡಿ ನೋಡಿ ಕಣ್ಣು ದಣಿದವರಿಗೆ ರೆಂಕೊ ಇಟ್ಟಿಗೆಗಳೂ ಹೈಕಿನ್ ಆಶಿ ಕ್ಯಾಂಡಲ್‌ಗಳೂ ವರದಂತೆ ಕಾಣುತ್ತವೆ. ಸಣ್ಣಪುಟ್ಟ ಏರಿಳಿತ ಮಾಯವಾಗಿ ಹಸಿರು ಸಾಲು, ಕೆಂಪು ಸಾಲು ಮಾತ್ರ ಉಳಿಯುತ್ತದೆ. ಎರಡೂ ಜಪಾನಿನಿಂದ ಬಂದ ವಿಧಾನಗಳು. ಇಟ್ಟಿಗೆಗೆ ಜಪಾನಿ ಭಾಷೆಯಲ್ಲಿ ‘ರೆಂಗಾ’ ಎನ್ನುತ್ತಾರೆ. ‘ಹೈಕಿನ್’ ಎಂದರೆ ಸರಾಸರಿ. ಅಳಿಸಿಹೋಗುವುದು ಬರೀ ಗದ್ದಲವೋ, ನಮಗೆ ಬೇಕಾದದ್ದೂ ಅದರ ಜತೆಗೆ ಹೋಗುತ್ತದೋ? ಆರು ದಿನಗಳ ಬೆಲೆ ಇಟ್ಟುಕೊಂಡು ಎರಡನ್ನೂ ಕೈಯಾರೆ ಕಟ್ಟಿದರೆ ಗೊತ್ತಾಗುತ್ತದೆ. ಒಂದು ಸ್ಪ್ರೆಡ್‌ಶೀಟ್ ತೆರೆದುಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಹೊಂದಿಸಿದವು.

| ದಿನ | ಆರಂಭ | ಗರಿಷ್ಠ | ಕನಿಷ್ಠ | ಮುಕ್ತಾಯ |
|---|---|---|---|---|
| 1 | 500 | 507 | 499 | 504 |
| 2 | 505 | 514 | 503 | 512 |
| 3 | 513 | 524 | 511 | 523 |
| 4 | 522 | 525 | 507 | 518 |
| 5 | 519 | 533 | 517 | 531 |
| 6 | 496 | 499 | 487 | 489 |

ಮೊದಲು ಇಟ್ಟಿಗೆ ಕಟ್ಟೋಣ

ಇಟ್ಟಿಗೆಯ ಎತ್ತರ 10 ಅಂಶ, ಶುರು 500ರಿಂದ, ಲೆಕ್ಕಕ್ಕೆ ಮುಕ್ತಾಯದ ಬೆಲೆ ಮಾತ್ರ ಎಂದು ಇಟ್ಟುಕೊಳ್ಳಿ. ಬೆಲೆ ಪೂರ್ತಿ 10 ಅಂಶ ಏರಿದರೆ ಒಂದು ಹಸಿರು ಇಟ್ಟಿಗೆ. ಒಂಬತ್ತೂವರೆ ಏರಿದರೂ ಏನೂ ಇಲ್ಲ. ದಿಕ್ಕು ಬದಲಾಗಬೇಕಾದರೆ ಮಾತ್ರ ಹೆಚ್ಚು ದೂರ ಬೇಕು: ಕೊನೆಯ ಹಸಿರು ಇಟ್ಟಿಗೆಯ ತಳದಿಂದಲೂ ಇನ್ನೊಂದು ಇಟ್ಟಿಗೆಯಷ್ಟು ಕೆಳಗಿಳಿದ ಮೇಲೆಯೇ ಮೊದಲ ಕೆಂಪು ಇಟ್ಟಿಗೆ ಬೀಳುತ್ತದೆ.

ಮೊದಲ ದಿನ 504, ಇಟ್ಟಿಗೆ ಇಲ್ಲ. ಎರಡನೇ ದಿನ 512 ಆದಾಗ 500–510ರ ಇಟ್ಟಿಗೆ. ಮೂರನೇ ದಿನ 510–520. ನಾಲ್ಕನೇ ದಿನ 518, ಮತ್ತೆ ಏನೂ ಇಲ್ಲ. ಐದನೇ ದಿನ 520–530. ಮೂರು ಹಸಿರು ಇಟ್ಟಿಗೆ ಮೆಟ್ಟಿಲಿನಂತೆ ನಿಂತವು.

ನಾಲ್ಕನೇ ದಿನದ ಮೇಲೆ ಒಂದು ಕ್ಷಣ ನಿಲ್ಲಿ. ಅಂದು ಬೆಲೆ 525ರಿಂದ 507ರವರೆಗೆ ಓಲಾಡಿದೆ. 508ಕ್ಕೆ ಸ್ಟಾಪ್ ಲಾಸ್ ಇಟ್ಟಿದ್ದವರು ಅಂದೇ ಹೊರಬಿದ್ದಿರುತ್ತಾರೆ. ಇಟ್ಟಿಗೆ ಸಾಲಿನಲ್ಲಿ ಆ ದಿನವೇ ಇಲ್ಲ! ರೆಂಕೊದಲ್ಲಿ ಕಾಲದ ಅಳತೆ ಇಲ್ಲದಿರುವುದರಿಂದ ಹೀಗೆ. ಬೆಲೆ ಎರಡು ವಾರ ಒಂದೇ ಕಡೆ ತೂಗಾಡಿದರೂ ಎರಡು ಇಟ್ಟಿಗೆಗಳ ನಡುವೆ ಎಳ್ಳಷ್ಟೂ ಜಾಗ ಬಿಡುವುದಿಲ್ಲ.

ಈಗ ಆರನೇ ದಿನ. ಕೊನೆಯ ಇಟ್ಟಿಗೆ 520–530. ತಳ 520, ಹಾಗಾಗಿ 510 ಮುಟ್ಟಿದರೆ ಕೆಂಪು. ಮುಕ್ತಾಯ 489 ಆದ್ದರಿಂದ ಒಂದೇ ದಿನಕ್ಕೆ ಮೂರು ಕೆಂಪು ಇಟ್ಟಿಗೆ: 520–510, 510–500, 500–490. ಚಾರ್ಟಿನಲ್ಲಿ ಒಂದರ ಕೆಳಗೊಂದು ನೀಟಾಗಿ ಇಳಿದಂತೆ ಕಾಣುತ್ತವೆ. ನಡೆದದ್ದು ಬೇರೆ. ಐದನೇ ದಿನದ ಕನಿಷ್ಠ 517, ಆರನೇ ದಿನದ ಗರಿಷ್ಠ 499. ನಡುವಿನ 18 ಅಂಶದಲ್ಲಿ ಒಂದೇ ಒಂದು ವಹಿವಾಟೂ ಆಗಿಲ್ಲ. ಚಾರ್ಟು ಆ ಕಂದಕದ ಮೇಲೆಯೇ ಇಟ್ಟಿಗೆ ಹಾಸಿದೆ.

ಇದರ ಬೆಲೆ ಎಷ್ಟು? ಮೊದಲ ಹಸಿರು ಇಟ್ಟಿಗೆ ಮುಗಿದಾಗ ಕೊಂಡು, ಮೊದಲ ಕೆಂಪು ಇಟ್ಟಿಗೆ ಮುಗಿದಾಗ ಮಾರುವುದು ನಿಮ್ಮ ನಿಯಮ ಎನ್ನಿ. ಚಾರ್ಟಿನ ಪ್ರಕಾರ 510ಕ್ಕೆ ಕೊಂಡು 510ಕ್ಕೆ ಮಾರಿದಿರಿ, ನಷ್ಟ ಸೊನ್ನೆ. ನಿಜದಲ್ಲಿ ಹಸಿರು ಇಟ್ಟಿಗೆ ಖಚಿತವಾದದ್ದು ಎರಡನೇ ದಿನದ ಮುಕ್ತಾಯಕ್ಕೆ, ಅಂದರೆ 512ರಲ್ಲಿ. ಕೆಂಪು ಖಚಿತವಾದದ್ದು 489ರಲ್ಲಿ. ನಷ್ಟ 23 ಅಂಶ, ಎರಡು ಇಟ್ಟಿಗೆಗೂ ಹೆಚ್ಚು. ಆರನೇ ದಿನದ ಮುಕ್ತಾಯಕ್ಕೆ ಕಾಯದೆ, ಐದನೇ ದಿನ ಮುಗಿದ ಮೇಲೆ 510ಕ್ಕೆ ಸ್ಟಾಪ್ ಹಾಕಿಟ್ಟಿದ್ದರೂ ಅದು ಮಾರಾಟವಾಗುತ್ತಿದ್ದುದು ಮಾರುಕಟ್ಟೆ ತೆರೆದ 496ರ ಆಸುಪಾಸಿನಲ್ಲಿ.

ಇನ್ನು ಸರಾಸರಿ ಕ್ಯಾಂಡಲ್

ಹೈಕಿನ್ ಆಶಿಯಲ್ಲಿ ದಿನಗಳು ಕಳೆದುಹೋಗುವುದಿಲ್ಲ. ದಿನಕ್ಕೊಂದು ಕ್ಯಾಂಡಲ್ ಇದ್ದೇ ಇರುತ್ತದೆ. ಆದರೆ ಅದರ ಬೆಲೆಗಳು ನಿಜವಾದವಲ್ಲ. ಮೇಲಿನ ಕೋಷ್ಟಕವನ್ನು A ಕಾಲಂನಿಂದ E ಕಾಲಂವರೆಗೆ, ಮೊದಲ ದಿನ 2ನೇ ಸಾಲಿಗೆ ಬರುವಂತೆ ತುಂಬಿ. F ಕಾಲಂ ಹೊಸ ಮುಕ್ತಾಯ, G ಹೊಸ ಆರಂಭ, H ಗರಿಷ್ಠ, I ಕನಿಷ್ಠ.

```
F2: =AVERAGE(B2:E2)
G2: =(B2+E2)/2
G3: =(G2+F2)/2
H2: =MAX(C2,F2,G2)
I2: =MIN(D2,F2,G2)
```

G ಕಾಲಂನ ಸೂತ್ರವನ್ನು ಮಾತ್ರ 3ನೇ ಸಾಲಿನಿಂದ ಕೆಳಗೆ ಎಳೆಯಿರಿ, ಉಳಿದವನ್ನು 2ರಿಂದಲೇ. ಗುಟ್ಟು ಇರುವುದು G3ಯಲ್ಲಿ. ಇಂದಿನ ಆರಂಭ ಎಂದರೆ ನಿನ್ನೆಯ ಕ್ಯಾಂಡಲಿನ ಒಡಲಿನ ನಟ್ಟನಡುವಿನ ಬಿಂದು. ಇಂದು ಮಾರುಕಟ್ಟೆ ಎಲ್ಲಿ ತೆರೆಯಿತು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಎರಡು ಒಡಲುಗಳ ನಡುವೆ ಗ್ಯಾಪ್ ಬೀಳಲು ಈ ಸೂತ್ರ ಎಂದೂ ಬಿಡುವುದಿಲ್ಲ.

ನಾಲ್ಕನೇ ದಿನ ನೋಡಿ. ನಿಜವಾದ ಬೆಲೆ 522ರಿಂದ 518ಕ್ಕೆ ಇಳಿದಿತ್ತು. ಸರಾಸರಿ ಕ್ಯಾಂಡಲ್ 511.56ರಿಂದ 518ಕ್ಕೆ ಏರಿದಂತೆ ಹಸಿರಾಗಿದೆ. ಇದನ್ನು ನಾನು ತಪ್ಪು ಎನ್ನುವುದಿಲ್ಲ. ಗದ್ದಲ ಸೋಸುವುದು ಎಂದರೆ ಇದೇ. ಜತೆಗೆ 507ರವರೆಗಿನ ಕೆಳಬಾಲವೂ ಉಳಿದಿದೆ. ಅದಕ್ಕೂ ಹಿಂದಿನ ಎರಡು ದಿನ ಕೆಳಬಾಲವೇ ಇರಲಿಲ್ಲವಾದ್ದರಿಂದ ಅಂದು ಏನೋ ಆಯಿತೆಂಬ ಸುಳಿವಾದರೂ ಸಿಗುತ್ತದೆ. ಈ ವಿಷಯದಲ್ಲಿ ಇಟ್ಟಿಗೆಗಿಂತ ಇದು ವಾಸಿ.

ಆರನೇ ದಿನ ಮಾತ್ರ ಕಥೆ ಕೆಡುತ್ತದೆ. ಹೊಸ ಆರಂಭ 519.89, ಮುಕ್ತಾಯ 492.75. ಗರಿಷ್ಠವೂ 519.89! ಆ ದಿನ 499ಕ್ಕಿಂತ ಮೇಲೆ ಯಾರೂ ಒಂದು ಷೇರನ್ನೂ ಮಾರಿಲ್ಲ. ಚಾರ್ಟು ನೋಡಿದವರಿಗೆ ಮಾತ್ರ ಬೆಲೆ ದಿನವಿಡೀ 520ರಿಂದ ಹಂತಹಂತವಾಗಿ ಜಾರಿದಂತೆ, ನಡುವೆ ಎಲ್ಲಾದರೂ ಹೊರಬರಬಹುದಿತ್ತು ಎಂಬಂತೆ ಕಾಣುತ್ತದೆ. ಮುಕ್ತಾಯವೂ ನಿಜವಾದ 489ಕ್ಕಿಂತ ಸುಮಾರು 4 ಅಂಶ ಮೇಲಿದೆ.

ಪರೀಕ್ಷಿಸುವಾಗ

ನಿಯಮವನ್ನು ಹಳೆಯ ಬೆಲೆಗಳ ಮೇಲೆ ಓಡಿಸಿ ನೋಡುವ ಬ್ಯಾಕ್‌ಟೆಸ್ಟ್‌ನ ಫಲಿತಾಂಶ ಅತಿ ಚೆನ್ನಾಗಿ ಬಂದರೆ ಮೊದಲು ಮಾಡಬೇಕಾದ ಕೆಲಸ, ಅದರ ವ್ಯವಹಾರಗಳ ಪಟ್ಟಿಯಿಂದ ನಾಲ್ಕೈದು ಬೆಲೆ ಎತ್ತಿಕೊಂಡು ಸಾಮಾನ್ಯ ಕ್ಯಾಂಡಲ್ ಚಾರ್ಟಿನಲ್ಲಿ ಅದೇ ದಿನಕ್ಕೆ ಹೋಗುವುದು. ಆ ಬೆಲೆ ದಿನದ ಕನಿಷ್ಠ–ಗರಿಷ್ಠದ ನಡುವೆ ಇಲ್ಲದಿದ್ದರೆ ಪರೀಕ್ಷೆ ನಡೆದದ್ದು ಕಾಲ್ಪನಿಕ ಬೆಲೆಗಳ ಮೇಲೆ. ಸಂಕೇತವನ್ನು ಬೇಕಾದರೆ ಇಟ್ಟಿಗೆಯಿಂದಲೋ ಸರಾಸರಿ ಕ್ಯಾಂಡಲಿನಿಂದಲೋ ತೆಗೆದುಕೊಳ್ಳಿ. ಕೊಂಡ ಬೆಲೆ, ಮಾರಿದ ಬೆಲೆಗಳನ್ನು ಮಾತ್ರ ಸಂಕೇತ ಖಚಿತವಾದ ನಂತರದ ದಿನದ ನಿಜವಾದ ಆರಂಭದಿಂದ ಬರೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಕೊಂಡದ್ದು ಆಗ 512 ಅಲ್ಲ, ಮೂರನೇ ದಿನದ 513.

ಇಟ್ಟಿಗೆಯ ಎತ್ತರದಲ್ಲೂ ಒಂದು ಜಾರುಬಂಡೆ ಇದೆ. ಎಷ್ಟೋ ತಂತ್ರಾಂಶಗಳಲ್ಲಿ ಎತ್ತರವನ್ನು ATR ಎಂಬ ಸರಾಸರಿ ಏರಿಳಿತದ ಅಳತೆಯಿಂದ ತಾನೇ ಆರಿಸುವ ಆಯ್ಕೆ ಇರುತ್ತದೆ. ಅನುಕೂಲವೇನೋ ಹೌದು. ಆದರೆ ಆ ಅಳತೆ ಬದಲಾದಾಗ ಹಳೆಯ ಇಟ್ಟಿಗೆಗಳೂ ಹೊಸ ಎತ್ತರಕ್ಕೆ ಮರುಕಟ್ಟಾಗಬಹುದು. ಕಳೆದ ವಾರ ಕೆಂಪು ಇಟ್ಟಿಗೆ ಇದ್ದ ಕಡೆ ಇಂದು ಏನೂ ಇರದೆ ಹೋಗಬಹುದು. ನಿಮ್ಮದು ಹಾಗೆ ಮಾಡುತ್ತದೆಯೇ ತಿಳಿಯಲು ಇಂದಿನ ಚಾರ್ಟಿನ ಚಿತ್ರ ಉಳಿಸಿಟ್ಟು, ಹತ್ತು ದಿನ ಬಿಟ್ಟು ಮತ್ತೆ ತೆರೆದು, ಅದೇ ತಾರೀಕಿನ ಇಟ್ಟಿಗೆಗಳನ್ನು ಪಕ್ಕದಲ್ಲಿಟ್ಟು ಎಣಿಸಿ. ಲೆಕ್ಕ ತಾಳೆಯಾಗದಿದ್ದರೆ ಎತ್ತರಕ್ಕೆ ನೀವೇ ಒಂದು ಸ್ಥಿರ ಸಂಖ್ಯೆ ಕೊಟ್ಟು ಮೊದಲಿನಿಂದ ಕಟ್ಟಿ.